ಅಮೆರಿಕಕ್ಕೆ ಬರುವ ಅಪ್ಪ–ಅಮ್ಮನಿಗೊಂದು ಸಿಮ್

ಹಾಸನದಲ್ಲೋ ಮೈಸೂರಿನಲ್ಲೋ ಹೊಸ ಸಿಮ್ ಬೇಕೆಂದರೆ ಏನೇನು ನಡೆಯುತ್ತದೆ ಎಂಬುದು ನಮ್ಮ ಹಿರಿಯರಿಗೆ ಬಾಯಿಪಾಠ. ಆಧಾರ್ ಕೊಡಬೇಕು, ಹೆಬ್ಬೆರಳು ಒತ್ತಬೇಕು, ಅಂಗಡಿಯವನ ಮೊಬೈಲಿಗೆ ಮುಖ ತೋರಿಸಿ ಫೋಟೊ ತೆಗೆಸಿಕೊಳ್ಳಬೇಕು. ಅದಕ್ಕೇ ಅಮೆರಿಕದಲ್ಲಿರುವ ಮಗನ ಅಥವಾ ಮಗಳ ಮನೆಗೆ ಹೊರಟ ಅಪ್ಪ–ಅಮ್ಮ ಕೈಚೀಲದಲ್ಲಿ ಪಾಸ್‌ಪೋರ್ಟ್ ಜೆರಾಕ್ಸ್, ಆಧಾರ್ ಪ್ರತಿ, ಪಾಸ್‌ಪೋರ್ಟ್ ಅಳತೆಯ ಫೋಟೊ ಎಲ್ಲವನ್ನೂ ಜೋಡಿಸಿಟ್ಟುಕೊಳ್ಳುತ್ತಾರೆ. ಅಲ್ಲಿಗೆ ಬಂದ ಮೇಲೆ ಅವುಗಳಲ್ಲಿ ಒಂದನ್ನೂ ಯಾರೂ ಕೇಳದೆ ಇರಬಹುದು. ಆದರೂ ಸಿಮ್ ಹಾಕಿದ ಫೋನ್ ಕೆಲಸ ಮಾಡುವುದಿಲ್ಲ. ಇಂಟರ್‌ನೆಟ್ ಬರುತ್ತದೆ, ಕರೆ ಹೋಗುವುದಿಲ್ಲ. ಅಥವಾ ಎರಡೂ ಇಲ್ಲ.

ಕಾರಣ ಸರಳ. ಭಾರತದಲ್ಲಿ ಸಿಮ್ ಕೊಡುವ ಮುನ್ನ ಮನುಷ್ಯನ ಗುರುತು ನೋಡುತ್ತಾರೆ. ಅಮೆರಿಕದಲ್ಲಿ ನೋಡುವುದು ಫೋನಿನ ಗುರುತನ್ನು. ಈ ಒಂದು ವ್ಯತ್ಯಾಸ ಮೊದಲೇ ಗೊತ್ತಿದ್ದರೆ ಉಳಿದದ್ದೆಲ್ಲ ಒಂದು ಸಂಜೆಯ ಕೆಲಸ. ಗೊತ್ತಿಲ್ಲದಿದ್ದರೆ ಬಂದ ಮೊದಲ ವಾರವೆಲ್ಲ ಅಂಗಡಿ ಸುತ್ತುವುದರಲ್ಲೇ ಕಳೆಯುತ್ತದೆ.

ಲೆಕ್ಕ ಸ್ಪಷ್ಟವಾಗಲೆಂದು ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಹಾಸನದ ನಿವೃತ್ತ ದಂಪತಿ, ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿರುವ ಮಗಳ ಮನೆಗೆ ಬಿ-2 ವೀಸಾದಲ್ಲಿ ಬರುತ್ತಿದ್ದಾರೆ. ಮೇ 10ಕ್ಕೆ ಇಳಿಯುತ್ತಾರೆ, ಅಕ್ಟೋಬರ್ 28ಕ್ಕೆ ಹಿಂದಿರುಗುತ್ತಾರೆ. ಅಪ್ಪನ ಬಳಿ ಭಾರತದಲ್ಲಿ ಕೊಂಡ, ಹದಿನೈದು ಸಾವಿರದ ಆಸುಪಾಸಿನ ಆಂಡ್ರಾಯ್ಡ್ ಫೋನಿದೆ. ಅಮ್ಮನ ಬಳಿ ಮಗಳೇ ಹಿಂದೊಮ್ಮೆ ಬಂದಾಗ ಕೊಡಿಸಿದ ಐಫೋನ್ ಇದೆ.

ಯಾವ ಕಾಗದ ಬೇಕು?

ಅಮೆರಿಕದಲ್ಲಿ ಪ್ರೀಪೇಯ್ಡ್ ಸಿಮ್ ಕೊಳ್ಳಲು ಗುರುತಿನ ಚೀಟಿ ತೋರಿಸಲೇಬೇಕೆಂಬ ಕೇಂದ್ರ ಸರ್ಕಾರದ ಕಾನೂನು ಇಲ್ಲ. ಸೂಪರ್‌ಮಾರ್ಕೆಟ್ಟಿನ ಗೋಡೆಗೆ ತೂಗುಹಾಕಿದ ಸಿಮ್ ಪ್ಯಾಕೆಟನ್ನು ಹಾಲು, ಬ್ರೆಡ್ಡಿನ ಜೊತೆ ಬುಟ್ಟಿಗೆ ಹಾಕಿಕೊಂಡು ಬಿಲ್ ಕೊಟ್ಟು ಹೊರಬರಬಹುದು. ವೀಸಾ ಯಾವುದು, ಎಷ್ಟು ದಿನ ಇರುತ್ತೀರಿ ಎಂದು ಸಿಮ್ ಮಾರುವವರು ಕೇಳುವುದಿಲ್ಲ. ಕಂಪನಿಯ ಸ್ವಂತ ಮಳಿಗೆಗೆ ಹೋದರೆ ಖಾತೆ ತೆರೆಯುವಾಗ ಅಲ್ಲಿನ ಸಿಬ್ಬಂದಿ ತಮ್ಮ ಪದ್ಧತಿಯಂತೆ ಗುರುತಿನ ಚೀಟಿ ಕೇಳುವುದುಂಟು. ಆಗ ಪಾಸ್‌ಪೋರ್ಟ್ ಸಾಕು. ಆಧಾರ್ ಅಲ್ಲಿ ಯಾರಿಗೂ ಬೇಕಿಲ್ಲ.

ಪೋಸ್ಟ್‌ಪೇಯ್ಡ್ ವಿಷಯ ಬೇರೆ. ತಿಂಗಳ ಕೊನೆಗೆ ಬಿಲ್ ಬರುವ ಸಂಪರ್ಕವೆಂದರೆ ಕಂಪನಿ ನಿಮಗೆ ಸಾಲ ಕೊಟ್ಟಂತೆ. ಹಾಗಾಗಿ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಕೇಳಿ, ಸಾಲ ತೀರಿಸಿದ ಚರಿತ್ರೆ ನೋಡುತ್ತಾರೆ. ಪ್ರವಾಸಿ ವೀಸಾದಲ್ಲಿ ಬಂದ ಹಿರಿಯರಿಗೆ ಆ ಸಂಖ್ಯೆಯೇ ಇರುವುದಿಲ್ಲ. ಆದ್ದರಿಂದ ಅಪ್ಪ–ಅಮ್ಮನ ಹೆಸರಿನಲ್ಲಿ ಪೋಸ್ಟ್‌ಪೇಯ್ಡ್ ಮಾಡಿಸುವ ಪ್ರಯತ್ನಕ್ಕೆ ಕೈಹಾಕದಿರುವುದೇ ಒಳ್ಳೆಯದು.

ಉಳಿಯುವ ದಾರಿ ಎರಡು. ಮಗಳ ಕುಟುಂಬದ ಖಾತೆಗೇ ಇನ್ನೆರಡು ಲೈನ್ ಸೇರಿಸುವುದು ಒಂದು. ಆಗ ಎಲ್ಲ ಕಾಗದವೂ ಮಗಳದೇ, ಅಪ್ಪ–ಅಮ್ಮನಿಂದ ಏನೂ ಬೇಡ. ಕುಟುಂಬದ ಪ್ಲಾನಿನಲ್ಲಿ ಲೈನ್ ಹೆಚ್ಚಿದಷ್ಟೂ ಒಂದೊಂದರ ದರ ಇಳಿಯುವುದರಿಂದ ಕೆಲವರಿಗೆ ಇದು ಅಗ್ಗವೂ ಹೌದು. ಆದರೆ ಸೇರಿಸಿದ ಲೈನನ್ನು ಅವರು ಊರಿಗೆ ಹೊರಟ ಮೇಲೆ ನೆನಪಿನಿಂದ ತೆಗೆಸಬೇಕು. ರಿಯಾಯಿತಿಯ ಆಸೆಗೆ ಆ ಲೈನಿನ ಮೇಲೆ ಕಂತಿನಲ್ಲಿ ಹೊಸ ಫೋನ್ ತೆಗೆದುಕೊಂಡರಂತೂ ಕಂತು ಮುಗಿಯುವವರೆಗೆ ಲೈನ್ ನಿಲ್ಲಿಸುವುದು ಕಷ್ಟ. ಇನ್ನೊಂದು ದಾರಿ ಪ್ರೀಪೇಯ್ಡ್. ಬಿ-2ದಲ್ಲಿ ಕೆಲವು ತಿಂಗಳಿಗೆ ಬರುವವರಿಗೆ ಹೆಚ್ಚಾಗಿ ಹೊಂದುವುದು ಇದೇ. ಹಣ ಮೊದಲೇ ಕೊಟ್ಟಾಯಿತು, ಹೋಗುವಾಗ ಬಿಡಿಸಿಕೊಳ್ಳಬೇಕಾದ ಗಂಟಿಲ್ಲ.

ಫೋನಿನ ಪರೀಕ್ಷೆ ಹಾಸನದಲ್ಲೇ ಆಗಲಿ

ಅಮೆರಿಕದಲ್ಲಿ ಸ್ವಂತ ಟವರ್ ಜಾಲವಿರುವ ದೊಡ್ಡ ಕಂಪನಿಗಳು ಮೂರು: ಎಟಿ ಅಂಡ್ ಟಿ, ಟಿ-ಮೊಬೈಲ್, ವೆರೈಜನ್. ಈ ಮೂರೂ 2022ರಲ್ಲಿ ತಮ್ಮ 3ಜಿ ಜಾಲವನ್ನು ಮುಚ್ಚಿದವು. ಎಟಿ ಅಂಡ್ ಟಿ ಫೆಬ್ರುವರಿಯಲ್ಲಿ, ಟಿ-ಮೊಬೈಲ್ ಜುಲೈಯಲ್ಲಿ, ವೆರೈಜನ್ ಆ ವರ್ಷದ ಕೊನೆಗೆ. ಅಲ್ಲಿಯವರೆಗೆ ಇಂಟರ್‌ನೆಟ್ 4ಜಿಯಲ್ಲಿ ನಡೆದರೂ, ಕರೆ ಮಾಡುವಾಗ ಫೋನ್ ತಾನಾಗಿಯೇ ಹಳೆಯ ಜಾಲಕ್ಕೆ ಇಳಿದು ಮಾತಾಡಿಸುತ್ತಿತ್ತು. ಈಗ ಇಳಿಯಲು ಆ ಮೆಟ್ಟಿಲಿಲ್ಲ. ಕರೆಯೂ 4ಜಿಯಲ್ಲೇ ಹೋಗಬೇಕು. ಇದನ್ನೇ ವೋಲ್ಟೆ ಎನ್ನುವುದು.

‘ಜಿಯೋದಲ್ಲಿ ಇರುವುದೇ ವೋಲ್ಟೆ, ನಮ್ಮ ಫೋನಿನಲ್ಲಿ ಚೆನ್ನಾಗಿ ನಡೆಯುತ್ತಿದೆಯಲ್ಲ’ ಎಂದು ಯಾರಾದರೂ ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ವೋಲ್ಟೆ ನಡೆಯಲು ಆಯಾ ಕಂಪನಿಗೆ ಬೇಕಾದ ಹೊಂದಾಣಿಕೆ ಫೋನಿನ ಸಾಫ್ಟ್‌ವೇರಿನೊಳಗೇ ಇರಬೇಕು. ಭಾರತದ ಮಾರುಕಟ್ಟೆಗೆಂದು ತಯಾರಾದ ಫೋನಿನಲ್ಲಿ ಜಿಯೋ, ಏರ್‌ಟೆಲ್‌ಗಳ ಹೊಂದಾಣಿಕೆ ಇರುತ್ತದೆ, ಅಮೆರಿಕದ ಕಂಪನಿಗಳದು ಇರಬೇಕೆಂದೇನಿಲ್ಲ. ಇಲ್ಲದಿದ್ದರೆ ಏನಾಗುತ್ತದೆ ಎಂದು ಗುರುತಿಸುವುದು ಸುಲಭ. ಮೇಲ್ಗಡೆ 4ಜಿ ಗುರುತು ಕಾಣುತ್ತಿರುತ್ತದೆ, ವಾಟ್ಸ್‌ಆಪ್ ನಡೆಯುತ್ತಿರುತ್ತದೆ. ಸಾಮಾನ್ಯ ಕರೆ ಒತ್ತಿದೊಡನೆ ಸಿಗ್ನಲ್ ಗೆರೆಗಳು ಮಾಯವಾಗಿ, ಒಂದು ಗಳಿಗೆಯಲ್ಲಿ ಕರೆ ಕಡಿದುಹೋಗುತ್ತದೆ.

ಎಟಿ ಅಂಡ್ ಟಿ ಇನ್ನೂ ಬಿಗಿ. ತನ್ನ ಜಾಲದಲ್ಲಿ ನಡೆಯುವ ಫೋನುಗಳ ಪಟ್ಟಿಯನ್ನೇ ಅದು ಪ್ರಕಟಿಸಿದೆ. ಪಟ್ಟಿಯಲ್ಲಿಲ್ಲದ ಮಾದರಿಯಾದರೆ ಸಿಮ್ ಚಾಲೂ ಆಗುವುದೇ ಇಲ್ಲ. ಅದೇ ಜಾಲದ ಮೇಲೆ ನಡೆಯುವ ಕ್ರಿಕೆಟ್ ಎಂಬ ಅಗ್ಗದ ಕಂಪನಿಗೂ ಈ ತೊಡಕು ತಪ್ಪಿದ್ದಲ್ಲ. ವೆರೈಜನ್ ಕೂಡ ಫೋನನ್ನು ತನ್ನ ದಾಖಲೆಯೊಂದಿಗೆ ತಾಳೆ ನೋಡುತ್ತದೆ. ಹೊರದೇಶದ ಫೋನುಗಳಿಗೆ ಮೂರರಲ್ಲಿ ಹೆಚ್ಚು ಸಡಿಲ ಇರುವುದು ಟಿ-ಮೊಬೈಲ್ ಜಾಲದಲ್ಲಿ. ಭಾರತದಿಂದ ಬರುವ ಆಂಡ್ರಾಯ್ಡ್ ಫೋನಿಗೆ ಮೊದಲು ಅಲ್ಲೇ ಪ್ರಯತ್ನಿಸಬೇಕೆನ್ನುವುದು ಇದಕ್ಕಾಗಿ. ಐಫೋನ್ ಭಾರತದ್ದಾದರೂ ಅಷ್ಟು ಹಳೆಯದಲ್ಲದಿದ್ದರೆ ಸಾಮಾನ್ಯವಾಗಿ ಮೂರರಲ್ಲೂ ನಡೆಯುತ್ತದೆ.

ಪರೀಕ್ಷೆ ಮಾಡುವುದು ಹೇಗೆ? ಹೊರಡುವ ತಿಂಗಳ ಮೊದಲು, ವಿಡಿಯೊ ಕರೆಯಲ್ಲಿ ಹತ್ತು ನಿಮಿಷ ಕೂತರೆ ಆಯಿತು. ಮಗಳು ಹೇಳುತ್ತಾಳೆ: ‘ಅಪ್ಪಾ, ಅಮ್ಮನ ಫೋನಲ್ಲಿ ಮಾತಾಡ್ತಾ ಇರಿ. ನಿಮ್ಮ ಫೋನಲ್ಲಿ ನಂಬರ್ ಒತ್ತೋ ಜಾಗಕ್ಕೆ ಹೋಗಿ `*#06#` ಒತ್ತಿ.’ ಅಪ್ಪ ಕನ್ನಡಕ ಏರಿಸಿ ನೋಡುತ್ತಾರೆ: ‘ಎರಡೆರಡು ನಂಬರ್ ಬಂತಲ್ಲಮ್ಮ, ಯಾವುದನ್ನ ಓದಲಿ?’ ಎರಡು ಸಿಮ್ ಹಾಕುವ ಫೋನಿಗೆ ಎರಡು ಐಎಂಇಐ ಸಂಖ್ಯೆ ಇರುತ್ತವೆ, ಒಂದೊಂದರಲ್ಲಿ 15 ಅಂಕಿ. ಓದಿ ಹೇಳುವಾಗ ತಪ್ಪಾಗಬಹುದು, ಆದ್ದರಿಂದ ಪರದೆಯ ಫೋಟೊ ಕಳಿಸಿಬಿಡುವುದು ಮೇಲು. ಯಾವ ಕಂಪನಿ ಬೇಕೋ ಅದರ ಜಾಲತಾಣದಲ್ಲಿ ‘ನಿಮ್ಮ ಫೋನನ್ನೇ ತನ್ನಿ’ ಎಂಬರ್ಥದ ಪುಟವಿರುತ್ತದೆ. ಅಲ್ಲಿ ಮೊದಲ ಐಎಂಇಐ ಹಾಕಿ ನೋಡಬೇಕು.

ನಮ್ಮ ಉದಾಹರಣೆಯಲ್ಲಿ ಅಪ್ಪನ ಫೋನಿಗೆ ಎಟಿ ಅಂಡ್ ಟಿ ‘ಆಗದು’ ಎಂದಿತು, ಟಿ-ಮೊಬೈಲ್ ಜಾಲದ ಕಂಪನಿ ‘ಆಗುತ್ತದೆ’ ಎಂದಿತು. ಅಮ್ಮನ ಐಫೋನ್ ಎರಡರಲ್ಲೂ ಪಾಸಾಯಿತು. ಇಬ್ಬರಿಗೂ ಒಂದೇ ಕಂಪನಿ ಇದ್ದರೆ ನೋಡಿಕೊಳ್ಳುವುದು ಸುಲಭವೆಂದು ಟಿ-ಮೊಬೈಲ್ ಜಾಲವನ್ನೇ ಆರಿಸಿದರು.

‘ಆಗುತ್ತದೆ’ ಎಂಬ ಉತ್ತರಕ್ಕೂ ಒಂದು ಮಿತಿಯಿದೆ. ಟಿ-ಮೊಬೈಲ್ ದೂರದ ಹಳ್ಳಿಗಾಡಿಗೂ ಕಟ್ಟಡಗಳ ಒಳಗೂ ಸಿಗ್ನಲ್ ತಲುಪಿಸಲು ಬ್ಯಾಂಡ್ 71 ಎಂಬ ತರಂಗಪಟ್ಟಿಯನ್ನು ಬಳಸುತ್ತದೆ. ಭಾರತದಲ್ಲಿ ಮಾರುವ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಅದಿಲ್ಲ. ಹಾಗಾಗಿ ಫ್ರಿಸ್ಕೋದ ಬೀದಿಯಲ್ಲಿ ಚೆನ್ನಾಗಿ ನಡೆಯುವ ಅಪ್ಪನ ಫೋನ್, ರಾಷ್ಟ್ರೀಯ ಉದ್ಯಾನ ನೋಡಲು ಹೋದಾಗ ಮೌನವಾಗಬಹುದು. ಆಗ ಪಕ್ಕದಲ್ಲಿರುವ ಮಗಳ ಫೋನಿನಲ್ಲಿ ಸಿಗ್ನಲ್ ಇರಬಹುದು. ಕೆಟ್ಟಿರುವುದು ಸಿಮ್ ಅಲ್ಲ ಎಂದು ತಿಳಿಯಲು ಅದೇ ಗುರುತು.

ಪರೀಕ್ಷೆಯಲ್ಲಿ ಫೋನ್ ಫೇಲಾದರೆ ಮಗಳ ಮನೆಯ ಡ್ರಾದಲ್ಲಿರುವ ಹಳೆಯ ಫೋನ್ ಕೊಡಬಹುದು. ಕೊಡುವ ಮುನ್ನ ಎರಡು ವಿಷಯ ನೋಡಿ. ಅದು ಹಿಂದಿನ ಕಂಪನಿಗೆ ಲಾಕ್ ಆಗಿರಬಾರದು. ಐಫೋನಿನಲ್ಲಿ Settings, General, About ತೆರೆದರೆ Carrier Lock ಎಂಬ ಸಾಲಿನ ಎದುರು No SIM restrictions ಎಂದಿರಬೇಕು. ಎರಡನೆಯದು, ಅಮೆರಿಕದಲ್ಲಿ ಮಾರಿದ ಐಫೋನ್ 14 ಮತ್ತು ಅದರ ನಂತರದವುಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ಅಪ್ಪನ ಭಾರತದ ಪ್ಲಾಸ್ಟಿಕ್ ಸಿಮ್ ಅದರೊಳಗೆ ಕೂರುವುದಿಲ್ಲ. ಐಫೋನ್ 13 ಇದ್ದರೆ ಅನುಕೂಲ. ಭಾರತದ ಸಿಮ್ ತಟ್ಟೆಯಲ್ಲಿ, ಅಮೆರಿಕದ್ದು ಇ-ಸಿಮ್ ಆಗಿ, ಎರಡೂ ಒಂದೇ ಫೋನಿನಲ್ಲಿ.

ಕೌಂಟರ್ ಎಲ್ಲಿದೆ?

ದುಬೈ ಅಥವಾ ಸಿಂಗಪುರದ ವಿಮಾನ ನಿಲ್ದಾಣ ನೋಡಿದವರು ಅಮೆರಿಕದಲ್ಲೂ ಲಗೇಜ್ ಪಟ್ಟಿಯ ಪಕ್ಕ ಸಿಮ್ ಕೌಂಟರುಗಳು ಸಾಲಾಗಿ ಇರುತ್ತವೆ ಎಂದುಕೊಳ್ಳುತ್ತಾರೆ. ಹಾಗಿರುವುದಿಲ್ಲ. ಕೆಲವು ದೊಡ್ಡ ನಿಲ್ದಾಣಗಳಲ್ಲಿ ಎಲ್ಲೋ ಒಂದು ಅಂಗಡಿಯಲ್ಲಿ ಸಿಗಬಹುದು, ಆದರೆ ಬೆಲೆ ಹೆಚ್ಚು. ಹದಿನೆಂಟು ಇಪ್ಪತ್ತು ತಾಸು ಪ್ರಯಾಣ ಮಾಡಿ ಕಾಲು ಊದಿಸಿಕೊಂಡು ಬಂದವರು ಅದನ್ನು ಹುಡುಕುತ್ತಾ ಅಲೆಯಬಾರದು. ಇಮಿಗ್ರೇಶನ್ ಸಾಲಿನಲ್ಲಿ ಫೋನ್ ಬಳಸುವಂತೆಯೂ ಇಲ್ಲ. ಅಲ್ಲಿ ನಿಂತು ಮಗಳಿಗೆ ಕರೆ ಮಾಡಲು ಹೋಗಿ ಅಧಿಕಾರಿಯಿಂದ ಗದರಿಸಿಕೊಳ್ಳುವುದು ಬೇಡ.

ಮೊದಲ ಎರಡು ಮೂರು ತಾಸಿಗೆ ಬೇಕಾದದ್ದು ಇಷ್ಟೇ: ಮಗಳ ಫೋನ್ ನಂಬರ್ ಮತ್ತು ಮನೆಯ ವಿಳಾಸ ದೊಡ್ಡ ಅಕ್ಷರದಲ್ಲಿ ಬರೆದ ಒಂದು ಕಾಗದ, ಪಾಸ್‌ಪೋರ್ಟಿನ ಜೊತೆಯಲ್ಲೇ. ಇಮಿಗ್ರೇಶನ್ ಅಧಿಕಾರಿ ‘ಎಲ್ಲಿ ಇಳಿದುಕೊಳ್ಳುತ್ತೀರಿ’ ಎಂದು ಕೇಳಿದಾಗಲೂ ಅದನ್ನೇ ತೋರಿಸಬಹುದು. ಗಾಲಿಕುರ್ಚಿ ತಳ್ಳುವ ಸಿಬ್ಬಂದಿಯೂ ಅದನ್ನು ನೋಡಿ ಕರೆ ಮಾಡಿಕೊಡಬಲ್ಲರು. ಹೊರಗೆ ಬಂದರೆ ನಿಲ್ದಾಣದ ಉಚಿತ ವೈಫೈ ಇದೆ, ವಾಟ್ಸ್‌ಆಪ್ ಅದರಲ್ಲೇ ನಡೆಯುತ್ತದೆ.

ಸಿಮ್ ಕೊಳ್ಳುವ ಜಾಗ ಊರೊಳಗಿದೆ. ವಾಲ್‌ಮಾರ್ಟ್, ಟಾರ್ಗೆಟ್, ಬೆಸ್ಟ್ ಬೈ ಮಳಿಗೆಗಳಲ್ಲಿ ಪ್ರೀಪೇಯ್ಡ್ ಕಿಟ್‌ಗಳನ್ನು ಗೋಡೆಗೆ ತೂಗುಹಾಕಿರುತ್ತಾರೆ. ದೊಡ್ಡ ಕಂಪನಿಗಳ ಜಾಲವನ್ನು ಬಾಡಿಗೆಗೆ ಪಡೆದು ಕಡಿಮೆ ದರಕ್ಕೆ ಮಾರುವ ಮಿಂಟ್, ಟೆಲ್ಲೊದಂಥ ಕಂಪನಿಗಳ ಸಿಮ್ ಅಂಚೆಯಲ್ಲಿ ಮನೆಗೇ ಬರುತ್ತದೆ. ಈ ಎರಡೂ ಟಿ-ಮೊಬೈಲ್ ಜಾಲದ ಮೇಲೆ ನಡೆಯುವವು. ಅದರಲ್ಲೂ ಮಿಂಟನ್ನು 2024ರಲ್ಲಿ ಟಿ-ಮೊಬೈಲೇ ಕೊಂಡುಕೊಂಡಿತು. ವಿಮಾನ ಇಳಿಯುವ ವಾರ ಮೊದಲೇ ಎರಡು ಸಿಮ್ ತರಿಸಿ ಮೇಜಿನ ಮೇಲೆ ಇಟ್ಟುಕೊಳ್ಳಬಹುದು. ಇಟ್ಟುಕೊಳ್ಳಬೇಕು ಅಷ್ಟೇ, ಚಾಲೂ ಮಾಡಬಾರದು. ಯಾಕೆಂದು ಮುಂದೆ ಹೇಳುತ್ತೇನೆ.

ಪ್ಲಾನ್ ಆರಿಸುವಾಗ ಹಿರಿಯರ ಬಳಕೆ ನೋಡಿ. ಹಗಲೆಲ್ಲ ಮನೆಯ ವೈಫೈಯಲ್ಲಿ ಇರುವವರಿಗೆ ಅನಿಯಮಿತ ಡೇಟಾದ ದುಬಾರಿ ಪ್ಲಾನ್ ಬೇಡ. ಸಂಜೆ ವಾಕಿಂಗ್, ವಾರಕ್ಕೊಮ್ಮೆ ದೇವಸ್ಥಾನ, ದಾರಿ ತಪ್ಪಿದರೆ ಮ್ಯಾಪ್, ಇಷ್ಟಕ್ಕೆ ತಿಂಗಳಿಗೆ ನಾಲ್ಕೈದು ಜಿಬಿ ಧಾರಾಳ. ಊರಿನಲ್ಲಿರುವ ಅಕ್ಕ–ತಂಗಿಯರ ಬಳಿ ಬರಿಯ ಕೀಪ್ಯಾಡ್ ಫೋನಿದ್ದು ಅವರಿಗೆ ನೇರ ಕರೆ ಮಾಡಬೇಕಿದ್ದರೆ, ಭಾರತಕ್ಕೆ ಕರೆ ಪ್ಲಾನಿನೊಳಗೇ ಸೇರಿದೆಯೇ ಎಂದು ಕೇಳಿ. ಗೋಡೆಯ ಮೇಲೆ ಬರೆದ ದರಕ್ಕೆ ತೆರಿಗೆ ಬೇರೆ ಸೇರುತ್ತದೆ ಎಂಬುದೂ ನೆನಪಿರಲಿ.

ಚಾಲೂ ಮಾಡುವ ಸಂಜೆ

ಸಿಮ್ ಚಾಲೂ ಮಾಡುವುದು ಮನೆಯಲ್ಲಿ, ವೈಫೈ ಇರುವ ಕಡೆ, ಮಗಳ ಲ್ಯಾಪ್‌ಟಾಪಿನ ಎದುರು. ಕೇಳುವ ವಿವರ ನಾಲ್ಕು: ಸಿಮ್ ಕಾರ್ಡಿನ ಮೇಲೆ ಅಚ್ಚಾಗಿರುವ ಉದ್ದನೆಯ ಸಂಖ್ಯೆ ಅಥವಾ ಕಿಟ್ಟಿನೊಳಗಿನ ಕೋಡ್, ಫೋನಿನ ಐಎಂಇಐ, ಒಂದು ಇಮೇಲ್, ಮನೆಯ ವಿಳಾಸದ ಜಿಪ್ ಕೋಡ್. ಜಿಪ್ ಕೋಡ್ ನೋಡಿಯೇ ಆ ಊರಿನ ಏರಿಯಾ ಕೋಡ್ ಇರುವ ನಂಬರ್ ಕೊಡುತ್ತಾರೆ. ಹಣ ಕಟ್ಟಲು ಮಗಳ ಕಾರ್ಡನ್ನೇ ಬಳಸಿ. ಭಾರತದ ಕಾರ್ಡಿನ ವಿಳಾಸ ಅಲ್ಲಿನ ಜಿಪ್ ಕೋಡ್ ಜೊತೆ ತಾಳೆಯಾಗದೆ ಪಾವತಿ ತಿರಸ್ಕಾರವಾಗುವುದು ಸಾಮಾನ್ಯ.

ಇ-ಸಿಮ್ ಆದರೆ ಕ್ಯೂಆರ್ ಕೋಡನ್ನು ಬೇರೊಂದು ಪರದೆಯಲ್ಲಿ ತೆರೆದು ಅಮ್ಮನ ಫೋನಿನಿಂದ ಸ್ಕ್ಯಾನ್ ಮಾಡಬೇಕು. ಆ ಕೋಡ್ ಸಾಮಾನ್ಯವಾಗಿ ಒಂದೇ ಸಲಕ್ಕೆ. ಫೋನಿನಿಂದ ಇ-ಸಿಮ್ ಅಳಿಸಿಹೋದರೆ ಅದೇ ಕೋಡ್ ಮತ್ತೆ ಹಿಡಿಯುವುದಿಲ್ಲ, ಕಂಪನಿಯನ್ನು ಕೇಳಿ ಹೊಸದು ಪಡೆಯಬೇಕು. ಏನೋ ಸರಿ ಇಲ್ಲವೆಂದು ಹಿರಿಯರು ಸೆಟ್ಟಿಂಗಿನಲ್ಲಿ ಕೈಯಾಡಿಸಿ ಅಳಿಸದಂತೆ ಮೊದಲೇ ಹೇಳಿಡಿ.

ಚಾಲೂ ಆಯಿತು ಎಂಬ ಸಂದೇಶ ಬಂದ ಮೇಲೆ ಫೋನನ್ನು ಒಮ್ಮೆ ಆರಿಸಿ ಹೊತ್ತಿಸಿ. ಆಮೇಲೆ ವೈಫೈ ಆಫ್ ಮಾಡಿ ಪರೀಕ್ಷೆ ಮಾಡಬೇಕು. ವೈಫೈ ಆನ್ ಇದ್ದರೆ ಎಲ್ಲವೂ ಸರಿ ಇದ್ದಂತೆ ಕಾಣುತ್ತದೆ, ಮನೆಯ ಹೊರಗೆ ಕಾಲಿಟ್ಟಾಗಲೇ ನಿಜ ಗೊತ್ತಾಗುವುದು. ಮೂರನ್ನು ನೋಡಿ: ಮಗಳ ಫೋನಿಗೆ ಕರೆ ಹೋಗುತ್ತದೆಯೇ, ಮಗಳು ಮಾಡಿದ ಕರೆ ಬರುತ್ತದೆಯೇ, ವೈಫೈ ಇಲ್ಲದೆ ಒಂದು ಸುದ್ದಿಪುಟ ತೆರೆಯುತ್ತದೆಯೇ. ಕರೆ ನಡೆದು ಇಂಟರ್‌ನೆಟ್ ಬಾರದಿದ್ದರೆ ಹೆಚ್ಚಾಗಿ ಎಪಿಎನ್ ಎಂಬ ಹೊಂದಾಣಿಕೆ ತಪ್ಪಿರುತ್ತದೆ. ಆಂಡ್ರಾಯ್ಡ್ ಫೋನಿನ ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ APN ಎಂಬ ಜಾಗಕ್ಕೆ ಮಿಂಟ್ ಸಿಮ್ ಆದರೆ `wholesale` ಎಂದೂ, ಟಿ-ಮೊಬೈಲಿನದೇ ಸಿಮ್ ಆದರೆ `fast.t-mobile.com` ಎಂದೂ ಇರಬೇಕು. ಇಂಟರ್‌ನೆಟ್ ಬಂದು ಕರೆ ಹೋಗದಿದ್ದರೆ ಮೇಲೆ ಹೇಳಿದ ವೋಲ್ಟೆ ತೊಂದರೆ. ಸೆಟ್ಟಿಂಗಿನಲ್ಲಿ VoLTE ಆನ್ ಮಾಡಿ ನೋಡಿ. ಅದರಿಂದಲೂ ಆಗದಿದ್ದರೆ ಫೋನ್ ಬದಲಿಸುವುದೇ ದಾರಿ, ಸಿಮ್ ಬದಲಿಸಿ ಪ್ರಯೋಜನವಿಲ್ಲ.

ಇದೇ ಸಂಜೆ ಮರೆಯದೆ ಮಾಡಬೇಕಾದ ಇನ್ನೊಂದು ಕೆಲಸವಿದೆ. Wi-Fi Calling ಆನ್ ಮಾಡಿದಾಗ ತುರ್ತು ವಿಳಾಸ ಕೇಳುತ್ತದೆ. ಅಲ್ಲಿ ಮಗಳ ಮನೆಯ ಪೂರ್ತಿ ವಿಳಾಸ ತುಂಬಿ. ಹಗಲು ಮನೆಯಲ್ಲಿ ಇಬ್ಬರೇ ಇರುವಾಗ ಅಪ್ಪನಿಗೆ ಎದೆನೋವು ಬಂದು ಅಮ್ಮ 911ಕ್ಕೆ ಕರೆ ಮಾಡಿದರೆ, ಆ ಕಡೆಯವರಿಗೆ ಕಾಣುವುದು ಈ ವಿಳಾಸವೇ ಆಗಿರಬಹುದು. ಬೇರೆ ಊರಿನಲ್ಲಿರುವ ಮಗನ ಮನೆಗೆ ಒಂದು ತಿಂಗಳು ಹೋದರೆ ಅಲ್ಲಿನ ವಿಳಾಸಕ್ಕೆ ಬದಲಿಸಿ. ಅಪಾರ್ಟ್‌ಮೆಂಟ್ ನಂಬರನ್ನೂ ಸೇರಿಸಿ.

ವಾಟ್ಸ್‌ಆಪ್ ಮಾತ್ರ ಭಾರತದ ನಂಬರಿನಲ್ಲೇ ಇರಲಿ. ಹೊಸ ಸಿಮ್ ಹಾಕಿದ ಮೇಲೆ ನಂಬರ್ ಬದಲಿಸಬೇಕೆ ಎಂಬ ಪ್ರಶ್ನೆ ಪರದೆಯಲ್ಲಿ ಬಂದರೆ ಬೇಡವೆಂದು ಒತ್ತಿ. ಬದಲಿಸಿದರೆ ಊರಿನ ಬಂಧುಗಳ ಗುಂಪುಗಳಲ್ಲೆಲ್ಲ ಹೊಸ ನಂಬರ್ ಕಾಣುತ್ತದೆ, ಆರು ತಿಂಗಳ ನಂತರ ಮತ್ತೆ ಬದಲಿಸುವ ಗೊಂದಲ ಬೇರೆ.

ಹೊಸ ನಂಬರಿಗೆ ಗುರುತಿಲ್ಲದವರ ಕರೆ ಬರುವುದೂ ಖಂಡಿತ. ಅಮೆರಿಕದಲ್ಲಿ ಒಬ್ಬರು ಬಿಟ್ಟ ನಂಬರನ್ನು ಇನ್ನೊಬ್ಬರಿಗೆ ಕೊಡುವ ಮುನ್ನ ಕಂಪನಿಗಳು ಕನಿಷ್ಠ 45 ದಿನ ಅದನ್ನು ಖಾಲಿ ಇಡಬೇಕೆಂಬ ನಿಯಮವಿದೆ. ಅದಾದ ಮೇಲೆ ಅದು ನಿಮ್ಮ ಅಪ್ಪನ ಪಾಲಿಗೆ ಬರಬಹುದು, ಹಿಂದಿನವರನ್ನು ಹುಡುಕುವ ಸಾಲಗಾರರ ಕರೆಯೂ ಜೊತೆಗೇ. ತೆರಿಗೆ ಬಾಕಿ ಇದೆ, ಬಂಧಿಸುತ್ತೇವೆ ಎಂದು ಹೆದರಿಸುವ ಮೋಸದ ಕರೆಗಳೂ ಇವೆ. ಹೆಸರು ಕಾಣದ ಕರೆ ಎತ್ತಬೇಡಿ ಎಂಬ ಒಂದೇ ಮಾತು ಹಿರಿಯರಿಗೆ ಸಾಕು.

ಅವಧಿಯ ಲೆಕ್ಕ

ಅಲ್ಲಿನ ಪ್ರೀಪೇಯ್ಡ್ ಸಿಮ್ಮಿನ ಅವಧಿಗೂ ವೀಸಾಕ್ಕೂ ಸಂಬಂಧವಿಲ್ಲ. ಇಳಿದಾಗ ಅಧಿಕಾರಿ ಎಷ್ಟು ತಿಂಗಳು ಕೊಟ್ಟರು ಎಂಬುದು ಐ-94 ದಾಖಲೆಯಲ್ಲಿರುತ್ತದೆ, ಬಿ-2ಕ್ಕೆ ಸಾಮಾನ್ಯವಾಗಿ ಆರು ತಿಂಗಳು. ಸಿಮ್ ಕಂಪನಿ ಅದನ್ನು ನೋಡುವುದಿಲ್ಲ. ಅದಕ್ಕೆ ಗೊತ್ತಿರುವುದು ಕಟ್ಟಿದ ಹಣ ಮತ್ತು ಪ್ಲಾನಿನ ದಿನಗಳು.

ದಿನಗಳ ಎಣಿಕೆ ಶುರುವಾಗುವುದು ಸಿಮ್ ಕೊಂಡ ದಿನದಿಂದಲ್ಲ, ಚಾಲೂ ಮಾಡಿದ ದಿನದಿಂದ. ಫ್ರಿಸ್ಕೋದ ಮನೆಯ ಲೆಕ್ಕ ನೋಡಿ. ಮೇ 10ರಿಂದ ಅಕ್ಟೋಬರ್ 28ರವರೆಗೆ ಎರಡೂ ದಿನ ಸೇರಿ 172 ದಿನ. 30 ದಿನದ ಪ್ಲಾನ್ ಆರು ಸಲ ಹಾಕಿದರೆ 180 ದಿನ, ಸಾಕಾಗಿ ಮಿಗುತ್ತದೆ. ಆದರೆ ಸಿಮ್ ಅಂಚೆಯಲ್ಲಿ ಬಂದ ಉತ್ಸಾಹದಲ್ಲಿ ಏಪ್ರಿಲ್ 25ಕ್ಕೇ ಚಾಲೂ ಮಾಡಿಬಿಟ್ಟರೆ 15 ದಿನ ಪೋಲು. ಅದೇ ಆರು ರೀಚಾರ್ಜ್ ಅಕ್ಟೋಬರ್ 21ಕ್ಕೆ ಮುಗಿಯುತ್ತವೆ. ಊರಿಗೆ ಹೊರಡುವ ಕೊನೆಯ ವಾರಕ್ಕೆ ಏಳನೆಯ ರೀಚಾರ್ಜ್ ಹಾಕಬೇಕಾಗುತ್ತದೆ, ಅದೂ ಇಬ್ಬರಿಗೆ. ಆದ್ದರಿಂದ ವಿಮಾನ ಇಳಿದ ದಿನವೇ ಚಾಲೂ ಮಾಡುವುದು ಸರಿ.

ಮೂರು ತಿಂಗಳಿಗೆ ಒಟ್ಟಿಗೆ ಹಣ ಕಟ್ಟುವ ಪ್ಲಾನುಗಳೂ ಇವೆ. ಬರೀ ತಿಂಗಳ ದರಕ್ಕಿಂತ ಅಗ್ಗ ಕಾಣುತ್ತವೆ. ಆದರೆ ಮೊದಲ ಮೂರು ತಿಂಗಳ ರಿಯಾಯಿತಿ ದರ ಎರಡನೆಯ ಸಲಕ್ಕೂ ಇರುತ್ತದೆಯೇ ಎಂದು ಓದಿಕೊಳ್ಳಿ. ಇನ್ನೊಂದು ಮಾತು, ಫೋನ್ ಆ ಜಾಲದಲ್ಲಿ ಸರಿಯಾಗಿ ನಡೆಯುತ್ತದೆ ಎಂದು ಖಾತ್ರಿಯಾಗುವ ಮುನ್ನ ಮೂರು ತಿಂಗಳ ಹಣ ಕಟ್ಟುವುದು ಬೇಡ. ಮೊದಲ ತಿಂಗಳು ಚಿಕ್ಕ ಪ್ಲಾನ್, ಆಮೇಲೆ ಉಳಿದದ್ದು.

ರೀಚಾರ್ಜ್ ಆಟೊ-ಪೇ ಆಗಿದ್ದರೆ ಹೊರಡುವ ದಿನ ಅದನ್ನು ನಿಲ್ಲಿಸಿ. ಸಿಮ್ ಊರಿಗೆ ಹೋದ ಮೇಲೂ ಮಗಳ ಕಾರ್ಡಿನಿಂದ ತಿಂಗಳು ತಿಂಗಳು ಹಣ ಹೋಗುತ್ತಿರುವುದು ಎಷ್ಟೋ ಮನೆಗಳಲ್ಲಿ ನಡೆಯುವ ಸಂಗತಿ. ಬ್ಯಾಂಕ್, ಆಸ್ಪತ್ರೆ, ವಿಮಾನ ಕಂಪನಿ ಎಲ್ಲಿಯಾದರೂ ಈ ಅಮೆರಿಕದ ನಂಬರ್ ಕೊಟ್ಟಿದ್ದರೆ ನಿಲ್ಲಿಸುವ ಮೊದಲೇ ಬದಲಿಸಿ. ಹಣ ಕಟ್ಟದ ನಂಬರ್ ಮುಂದೆ ಬೇರೆಯವರ ಪಾಲಾಗಬಹುದು.

ಊರಿನ ನಂಬರ್ ಸಾಯಬಾರದು

ಹೊಸ ಸಿಮ್ಮಿನ ಗಡಿಬಿಡಿಯಲ್ಲಿ ಹಳೆಯ ಸಿಮ್ ಮರೆತುಹೋಗುತ್ತದೆ. ಅಪ್ಪನ ಪಿಂಚಣಿ ಖಾತೆ, ಠೇವಣಿ, ಆಧಾರ್ ಎಲ್ಲವೂ ಭಾರತದ ಆ ನಂಬರಿಗೇ ಜೋಡಣೆಯಾಗಿವೆ. ಓಟಿಪಿ ಬರುವುದು ಅಲ್ಲಿಗೆ. ಆರು ತಿಂಗಳು ಅದು ಉಸಿರಾಡುತ್ತಿರಬೇಕು.

ಭಾರತದ ನಿಯಮದಂತೆ ಪ್ರೀಪೇಯ್ಡ್ ನಂಬರನ್ನು 90 ದಿನ ಬಳಸದೆ ಬಿಟ್ಟರೆ ಕಂಪನಿ ಅದನ್ನು ರದ್ದು ಮಾಡಬಹುದು. ರೀಚಾರ್ಜ್ ಮುಗಿದರೆ ಅದಕ್ಕೂ ಬಹಳ ಮೊದಲೇ ಸಂದೇಶ ಬರುವುದು ನಿಲ್ಲುತ್ತದೆ. ಇದಕ್ಕೆ ಈಗ ಒಳ್ಳೆಯ ಪರಿಹಾರವಿದೆ. 2024ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಡೇಟಾ ಇಲ್ಲದೆ ಬರಿಯ ಕರೆ ಮತ್ತು ಸಂದೇಶದ ಪ್ಯಾಕ್ ಕೊಡಬೇಕೆಂದು ಕಂಪನಿಗಳಿಗೆ ಸೂಚಿಸಿ, ಅಂಥ ಪ್ಯಾಕಿನ ಗರಿಷ್ಠ ಅವಧಿಯನ್ನು 90ರಿಂದ 365 ದಿನಕ್ಕೆ ಏರಿಸಿತು. ಅಮೆರಿಕದಲ್ಲಿರುವಾಗ ಭಾರತದ ಡೇಟಾ ಬೇಡವಾದ್ದರಿಂದ ಹೊರಡುವ ಮುನ್ನ ಇಂಥದೊಂದು ದೀರ್ಘಾವಧಿ ಪ್ಯಾಕ್ ಹಾಕಿಸಿಬಿಟ್ಟರೆ ಚಿಂತೆಯಿಲ್ಲ.

ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನು ಊರಲ್ಲಿರುವಾಗಲೇ ಆನ್ ಮಾಡಿಸಿ, ಒಳಬರುವ ಸಂದೇಶಕ್ಕೆ ಶುಲ್ಕ ಉಂಟೇ ಎಂದು ಆಗಲೇ ಕೇಳಿಕೊಳ್ಳಿ. ಫೋನಿನಲ್ಲಿ ಭಾರತದ ಸಿಮ್‌ಗೆ ಡೇಟಾ ರೋಮಿಂಗ್ ಆಫ್, ಅಮೆರಿಕದ ಸಿಮ್‌ಗೆ ಡೇಟಾ ಆನ್. ಭಾರತದ ನಂಬರಿಗೆ ಬಂದ ಕರೆಯನ್ನು ಎತ್ತಬೇಡಿ ಎಂದು ಹಿರಿಯರಿಗೆ ತಿಳಿಸಿ. ಪ್ಯಾಕ್ ಇಲ್ಲದೆ ರೋಮಿಂಗಿನಲ್ಲಿ ಎತ್ತಿದ ಕರೆಗೆ ನಿಮಿಷದ ಲೆಕ್ಕದಲ್ಲಿ ಹಣ ಕಡಿತವಾಗುತ್ತದೆ. ಓಟಿಪಿ ಬರುತ್ತದೆಯೇ ಎಂದು ಬಂದ ಮೊದಲ ವಾರದಲ್ಲೇ, ಬ್ಯಾಂಕಿನ ಆಪ್ ತೆರೆದು ಪರೀಕ್ಷಿಸಿ. ಠೇವಣಿ ನವೀಕರಿಸುವ ಕೊನೆಯ ದಿನ ಅದು ಗೊತ್ತಾದರೆ ಏನೂ ಮಾಡಲಾಗದು.

ಒಟ್ಟಿನಲ್ಲಿ ಹೇಳುವುದಾದರೆ ಈ ಕೆಲಸದ ಮುಖ್ಯ ಭಾಗ ಅಮೆರಿಕದ ಅಂಗಡಿಯಲ್ಲಿ ನಡೆಯುವುದಿಲ್ಲ, ಹಾಸನದ ಮನೆಯಲ್ಲಿ ನಡೆಯುತ್ತದೆ. ಅಪ್ಪ–ಅಮ್ಮನ ಟಿಕೆಟ್ ಕಾಯ್ದಿರಿಸಿದ ವಾರವೇ ಅವರ ಫೋನಿನಲ್ಲಿ `*#06#` ಒತ್ತಿಸಿ, ಬಂದ ಸಂಖ್ಯೆಯ ಫೋಟೊ ತರಿಸಿಕೊಂಡು, ನೀವು ಆರಿಸುವ ಕಂಪನಿಯ ಪುಟದಲ್ಲಿ ಹಾಕಿ ನೋಡಿ. ಫೋನ್ ಬದಲಿಸಬೇಕೆಂದು ತಿಳಿದರೂ ಆಗ ನಿಮ್ಮ ಕೈಯಲ್ಲಿ ಸಮಯ ಇರುತ್ತದೆ.